ನಕ್ಷೆಯನ್ನು ಹಾಳೆಗೆ ಕೂರಿಸುವುದು: 1:50 ಆರಿಸುವ ಲೆಕ್ಕ, ಸರಿಯಿದೆಯೇ ಎಂದು ನೋಡುವ ಬಗೆ

ಈ ಪುಟದ ಎಲ್ಲ ಪ್ರಶ್ನೆಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ತರ್ಟಿ ಫಾರ್ಟಿ ಸೈಟು. ಅಗಲ 30 ಅಡಿ, ಉದ್ದ 40 ಅಡಿ. ಮಿಲಿಮೀಟರಿನಲ್ಲಿ 9144 ಮತ್ತು 12192. ಈ ಸೈಟಿನ ಮನೆಯ ನೆಲ ಅಂತಸ್ತಿನ ಪ್ಲಾನನ್ನು ಕಾಂಪೌಂಡ್ ಗೆರೆಯ ಸಮೇತ ಹಾಳೆಗೆ ತರಬೇಕು.

1:50 ಎಂದರೆ ಏನು? 1:100 ಅದಕ್ಕಿಂತ ದೊಡ್ಡದೋ ಚಿಕ್ಕದೋ?

ಹಾಳೆಯ ಮೇಲಿನ 1 ಮಿ.ಮೀ. ನೆಲದ ಮೇಲಿನ 50 ಮಿ.ಮೀ.ಗೆ ಸಮ, ಅಷ್ಟೇ. ಹಾಗಾಗಿ 1 ಮೀಟರ್ ಉದ್ದದ ಗೋಡೆ ಹಾಳೆಯಲ್ಲಿ 20 ಮಿ.ಮೀ. ಆಗುತ್ತದೆ. ಕೈಯಲ್ಲಿ ಬರೆಯುವವರು ಮೀಟರನ್ನು 20ರಿಂದ ಗುಣಿಸಿದರೆ ಸಾಕು: 3.6 ಮೀಟರಿನ ಕೋಣೆ 72 ಮಿ.ಮೀ.

1:100ರಲ್ಲಿ ಅದೇ ಕೋಣೆ 36 ಮಿ.ಮೀ. ಆಗುತ್ತದೆ. 100 ಎಂಬ ಸಂಖ್ಯೆ ದೊಡ್ಡದು, ಚಿತ್ರ ಮಾತ್ರ ಚಿಕ್ಕದು. ಫೋನಿನಲ್ಲಿ ಮಾತಾಡುವಾಗ "ಸ್ಕೇಲ್ ದೊಡ್ಡದು ಮಾಡಿ" ಎಂದರೆ ಒಬ್ಬರು 1:100ಕ್ಕೆ, ಇನ್ನೊಬ್ಬರು 1:20ಕ್ಕೆ ಹೋಗುತ್ತಾರೆ. ಪ್ರಮಾಣವನ್ನು ಸಂಖ್ಯೆಯಲ್ಲೇ ಹೇಳಿ.

ನನ್ನ ಹಾಳೆಗೆ ಯಾವ ಪ್ರಮಾಣ ಹಿಡಿಸುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ?

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಸೈಟಿನ ಅಳತೆಯನ್ನು ಹಾಳೆಯ ಅಳತೆಯಿಂದ ಭಾಗಿಸಿಬಿಡುತ್ತಾರೆ. ಎ4 ಹಾಳೆ 210 × 297 ಮಿ.ಮೀ. 1:50ರಲ್ಲಿ ಸೈಟು 183 × 244 ಮಿ.ಮೀ. "ಹಿಡಿಸಿತಲ್ಲ" ಅನ್ನಿಸುತ್ತದೆ. ಗೆರೆ ಎಳೆದ ಮೇಲೆ ನೋಡಿದರೆ ಅಳತೆ ಬರೆಯಲು ಜಾಗವಿರುವುದಿಲ್ಲ, ಶೀರ್ಷಿಕೆ ಪಟ್ಟಿಗೆ ಮೂಲೆ ಇರುವುದಿಲ್ಲ.

ಕಾರಣ ಸರಳ. ಹಾಳೆಯ ಮೇಲೆ ಎರಡು ಬಗೆಯ ವಸ್ತುಗಳಿರುತ್ತವೆ. ಗೋಡೆ, ಬಾಗಿಲು, ಮೆಟ್ಟಿಲು ಪ್ರಮಾಣಕ್ಕೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಅಂಚು, ಅಳತೆಯ ಗೆರೆಗಳು, ಅಕ್ಷರಗಳು ಹಾಗಲ್ಲ. ಪ್ರಮಾಣ ಯಾವುದೇ ಆಗಲಿ, ಕಣ್ಣಿಗೆ ಓದಲು ಬರಬೇಕಾದರೆ ಅಕ್ಷರ 2.5 ಮಿ.ಮೀ. ಎತ್ತರ ಇರಲೇಬೇಕು. ಆದ್ದರಿಂದ ಈ ಎರಡನೆಯ ಬಗೆಯ ಜಾಗವನ್ನು ಮೊದಲು ಹಾಳೆಯಿಂದ ಕಳೆಯಿರಿ. ಭಾಗಾಕಾರ ಆಮೇಲೆ.

ಎ3 ಹಾಳೆಯನ್ನು ನಿಲ್ಲಿಸಿ ಹಿಡಿದರೆ 297 × 420. ಫೈಲಿಗೆ ತೂತು ಹೊಡೆಯುವ ಎಡ ಅಂಚಿಗೆ 20, ಉಳಿದ ಮೂರು ಕಡೆ 10. ಉಳಿಯುವುದು 267 × 400. ಈಗ ಅಳತೆ ಗೆರೆಗಳು: ಒಂದು ಬದಿಯಲ್ಲಿ ಎರಡು ಸಾಲು ಅಳತೆಗೆ ಸುಮಾರು 30 ಮಿ.ಮೀ., ಎದುರು ಬದಿಯಲ್ಲಿ ಉಸಿರಾಡಲು 10. ಅಗಲದಲ್ಲಿ ಹೀಗೆ 40 ಹೋಯಿತು. ಎತ್ತರದಲ್ಲಿ ಅಳತೆಗೆ 30, ಚಿತ್ರದ ಕೆಳಗಿನ ಹೆಸರಿಗೆ 15, ಒಟ್ಟು 45. ಚಿತ್ರಕ್ಕೇ ಸಿಗುವ ಜಾಗ 227 × 355.

ಈಗ ಭಾಗಿಸಿ:

```
9144 / 227  = 40.3
12192 / 355 = 34.3
```

ಎರಡರಲ್ಲಿ ದೊಡ್ಡ ಸಂಖ್ಯೆಯನ್ನು ತೆಗೆದುಕೊಳ್ಳಿ, 40.3. ಅದಕ್ಕಿಂತ ಮೇಲಿನ ಮೊದಲ ವಾಡಿಕೆಯ ಪ್ರಮಾಣ 1:50. ಅದೇ ಉತ್ತರ. ಚಿಕ್ಕ ಸಂಖ್ಯೆಯನ್ನು ಹಿಡಿದರೆ ಒಂದು ದಿಕ್ಕಿನಲ್ಲಿ ಹಿಡಿಸಿ ಇನ್ನೊಂದು ದಿಕ್ಕಿನಲ್ಲಿ ಹೊರಗೆ ಹೋಗುತ್ತದೆ. ಕೆಳಗಿನ ಪ್ರಮಾಣಕ್ಕೆ ಇಳಿಸಿದರೂ ಅದೇ ಗತಿ.

1:50 ಎಂದು ಗೊತ್ತಾದ ಮೇಲೆ ಒಮ್ಮೆ ತಿರುಗಿಸಿ ನೋಡಿ: ಅಗಲ 183 + 40 = 223, ಎತ್ತರ 244 + 45 = 289. ಚೌಕಟ್ಟಿನ ಒಳಗೆ ಎತ್ತರದಲ್ಲಿ ಇನ್ನೂ 111 ಮಿ.ಮೀ. ಉಳಿಯುತ್ತದೆ. ಶೀರ್ಷಿಕೆ ಪಟ್ಟಿ, ಟಿಪ್ಪಣಿ, ಉತ್ತರ ದಿಕ್ಕಿನ ಬಾಣ ಎಲ್ಲಕ್ಕೂ ಅಲ್ಲಿ ಜಾಗ ಸಾಕು.

ಎ3 ಹಾಳೆಯನ್ನು ಅಡ್ಡ ಇಟ್ಟರೆ?

ಅಡ್ಡ ಇಟ್ಟರೆ ಚೌಕಟ್ಟಿನ ಒಳಗೆ 390 × 277 ಸಿಗುತ್ತದೆ. ಪ್ಲಾನನ್ನು ನಿಂತಂತೆಯೇ ಇಡಲು 289 ಎತ್ತರ ಬೇಕು, 12 ಮಿ.ಮೀ. ಸಾಲುವುದಿಲ್ಲ. ಪ್ಲಾನನ್ನೂ ಮಲಗಿಸಿದರೆ ಆರಾಮಾಗಿ ಹಿಡಿಸುತ್ತದೆ, ಆದರೆ ರಸ್ತೆ ಎಡಕ್ಕೋ ಬಲಕ್ಕೋ ಹೋಗುತ್ತದೆ. ಮನೆಯವರು ರಸ್ತೆಯಿಂದ ಒಳಗೆ ಬರುವ ಹಾಗೆ ಪ್ಲಾನ್ ಓದುತ್ತಾರೆ, ಹಾಗಾಗಿ ರಸ್ತೆ ಕೆಳಗಿರುವುದೇ ಅವರಿಗೆ ಸಲೀಸು. ಈ ಸೈಟಿಗೆ ಹಾಳೆಯನ್ನು ನಿಲ್ಲಿಸುವುದೇ ನಮ್ಮ ಆಯ್ಕೆ.

ನನ್ನ ಹತ್ತಿರ ಎ4 ಪ್ರಿಂಟರ್ ಮಾತ್ರ ಇದೆ. ಲೆಕ್ಕ 65 ಎಂದು ಬಂತು. 1:65 ಹಾಕಬಹುದೇ?

ಎ4 ನಿಲ್ಲಿಸಿದರೆ ಚೌಕಟ್ಟಿನ ಒಳಗೆ 180 × 277. ಅದೇ 40 ಮತ್ತು 45 ಕಳೆದರೆ 140 × 232. ಅಗಲದಲ್ಲಿ 9144 ಭಾಗಿಸು 140, ಅಂದರೆ 65.3. ನಿಮ್ಮ ಲೆಕ್ಕ ಸರಿಯಾಗಿದೆ. ಆದರೂ ಇಲ್ಲಿಂದ 1:100ಕ್ಕೇ ಹೋಗಿ.

ವಾಡಿಕೆಯಲ್ಲಿರುವ ಪ್ರಮಾಣಗಳು 1:10, 1:20, 1:50, 1:100, 1:200, 1:500, 1:1000 ಹೀಗೆ ಸಾಗುತ್ತವೆ. ಇವುಗಳ ಅನುಕೂಲ ಓದುವವರ ಕೈಯಲ್ಲಿದೆ: ತ್ರಿಕೋನ ಸ್ಕೇಲಿನಲ್ಲಿ ಈ ಗುರುತುಗಳು ಅಚ್ಚಾಗಿರುತ್ತವೆ. 1:100ಕ್ಕೆ ಸಾಮಾನ್ಯ ಸ್ಕೇಲೇ ಸಾಕು, 1 ಸೆಂ.ಮೀ. ಎಂದರೆ 1 ಮೀಟರ್. 1:65ರ ಸ್ಕೇಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಸೈಟಿನಲ್ಲಿ ನಿಂತವರು ಅದರ ಮೇಲೆ 1:50 ಇಟ್ಟು ಓದುತ್ತಾರೆ, ಪ್ರತಿ ಅಳತೆಯೂ ತಪ್ಪುತ್ತದೆ.

1:75ರ ಗುರುತು ಕೆಲವು ತ್ರಿಕೋನ ಸ್ಕೇಲುಗಳಲ್ಲಿ ಇರುತ್ತದೆ. ಓದುವವರ ಹತ್ತಿರ ಅದು ಇದೆ ಎಂದು ಖಾತ್ರಿಯಿದ್ದರೆ ಮಾತ್ರ ಬಳಸಿ.

1:100 ಎ4ರಲ್ಲಿ ಸಲೀಸಾಗಿ ಹಿಡಿಸುತ್ತದೆ. ಹಾಗಿದ್ದರೆ 1:50 ಯಾಕೆ ಬೇಕು?

ಹಾಳೆಗೆ ಹಿಡಿಸುವುದು ಒಂದು ಷರತ್ತು, ತೋರಿಸಬೇಕಾದ್ದು ಕಾಣಿಸುವುದು ಇನ್ನೊಂದು. 9 ಇಂಚಿನ ಗೋಡೆ, ಅಂದರೆ 230 ಮಿ.ಮೀ., 1:50ರಲ್ಲಿ 4.6 ಮಿ.ಮೀ. ದಪ್ಪ ಬರುತ್ತದೆ. ನಾಲ್ಕೂವರೆ ಇಂಚಿನ ಗೋಡೆ 2.3. ಎರಡೂ ಬೇರೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. 1:100ರಲ್ಲಿ ಅವು 2.3 ಮತ್ತು 1.15. ದಪ್ಪ ಪೆನ್ನಿನ ಗೆರೆಗಳು ಎರಡು ಕಡೆ ಬಂದರೆ ತೆಳು ಗೋಡೆಯ ಒಳಗೆ ಬಿಳಿ ಉಳಿಯುವುದೇ ಕಷ್ಟ. 250 ಮಿ.ಮೀ. ಮೆಟ್ಟಿಲು 1:50ರಲ್ಲಿ 5 ಮಿ.ಮೀ., ಒಳಗೆ ಸಂಖ್ಯೆ ಬರೆಯಬಹುದು. 1:100ರಲ್ಲಿ ಎರಡೂವರೆ, ಸಂಖ್ಯೆ ಬರೆದರೆ ಗೆರೆಗೆ ತಾಗುತ್ತದೆ.

ಮೇಸ್ತ್ರಿಯ ಕೈಗೆ ಹೋಗುವ ಪ್ಲಾನಾದರೆ 1:50. ಕೋಣೆಗಳ ಹೊಂದಾಣಿಕೆ ನೋಡಲು ಮನೆಯವರಿಗೆ ಕೊಡುವ ಮೊದಲ ಪ್ರತಿಗೆ 1:100 ಸಾಕು. ಪರವಾನಗಿಗೆ ಸಲ್ಲಿಸುವ ನಕ್ಷೆಗೆ ಆಯಾ ಸ್ಥಳೀಯ ಸಂಸ್ಥೆಯ ನಿಯಮದಲ್ಲಿ ಪ್ರಮಾಣ ಹೇಳಿರುತ್ತಾರೆ. ಆಗ ಅದೇ ಅಂತಿಮ, ಹಾಳೆಯನ್ನೇ ದೊಡ್ಡದು ಮಾಡಿಕೊಳ್ಳಬೇಕು.

ಬಚ್ಚಲಿನ ಟೈಲ್ಸು, ಕಿಟಕಿಯ ಚೌಕಟ್ಟಿನಂಥ ಸೂಕ್ಷ್ಮಗಳಿಗೆ 1:50 ಕೂಡ ಸಾಲದು. 0.25 ಮಿ.ಮೀ. ಗೆರೆಯೇ 1:50ರಲ್ಲಿ 12.5 ಮಿ.ಮೀ. ಜಾಗ ನುಂಗುತ್ತದೆ, ಅದು ಒಂದು ಪದರ ಗಾರೆಯಷ್ಟು. ಅಂಥವನ್ನು 1:20 ಅಥವಾ 1:10ರಲ್ಲಿ ಬೇರೆಯಾಗಿ ಬರೆಯಿರಿ.

ಮುಂದಿನ ರಸ್ತೆಯನ್ನೂ ತೋರಿಸಬೇಕು. ಪ್ರಮಾಣ ಬದಲಿಸಬೇಕೇ?

ಬೇಡ. 30 ಅಡಿ ರಸ್ತೆ 1:50ರಲ್ಲಿ ಇನ್ನೊಂದು 183 ಮಿ.ಮೀ. ಕೇಳುತ್ತದೆ, ಹಾಳೆ ಸಾಲದು. ಪ್ಲಾನಿನಲ್ಲಿ ರಸ್ತೆಯ ಅಂಚನ್ನು ಮಾತ್ರ ತೋರಿಸಿ, ಸೈಟು ಮತ್ತು ರಸ್ತೆ ಎರಡೂ ಇರುವ ಚಿಕ್ಕ ನಕ್ಷೆಯನ್ನು ಕೆಳಗೆ ಉಳಿದ ಜಾಗದಲ್ಲಿ 1:500ರಲ್ಲಿ ಹಾಕಿ. ಅದು 18 × 43 ಮಿ.ಮೀ. ಮಾತ್ರ. ಒಂದೇ ಹಾಳೆಯಲ್ಲಿ ಎರಡು ಪ್ರಮಾಣ ಬಂದಾಗ ಪ್ರತಿ ಚಿತ್ರದ ಹೆಸರಿನ ಕೆಳಗೇ ಅದರದರ ಪ್ರಮಾಣ ಬರೆಯಿರಿ.

ನಾನು ಅಡಿಯಲ್ಲೇ ಯೋಚಿಸುತ್ತೇನೆ. 1:50ರಲ್ಲಿ 1 ಅಡಿಗೆ 6 ಮಿ.ಮೀ. ಎಂದು ಹಿಡಿಯಬಹುದೇ?

ಇದು ತುಂಬ ಕಡೆ ನಡೆದು ಬಂದಿರುವ ತಪ್ಪು. 1 ಅಡಿ 304.8 ಮಿ.ಮೀ., 50ರಿಂದ ಭಾಗಿಸಿದರೆ 6.096. ಒಂದು ಬಾಗಿಲಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 40 ಅಡಿಗೆ ಬರುವಷ್ಟರಲ್ಲಿ 243.8 ಇರಬೇಕಾದ ಕಡೆ 240 ಆಗಿರುತ್ತದೆ. ಕಡಿಮೆ ಬಿದ್ದ 3.8 ಮಿ.ಮೀ. ನೆಲದಲ್ಲಿ ಸುಮಾರು ಏಳೂವರೆ ಇಂಚು. ಕೋಣೆಗಳನ್ನು ಒಂದೊಂದಾಗಿ 6ರ ಲೆಕ್ಕದಲ್ಲಿ ಬರೆದು, ಹೊರಗಿನ ಕಾಂಪೌಂಡನ್ನು ಮೀಟರಿನ ಲೆಕ್ಕದಲ್ಲಿ ಸರಿಯಾಗಿ ಬರೆದರೆ ಒಳಗಿನ ಮೊತ್ತ ಹೊರಗಿನದಕ್ಕೆ ಕೂಡುವುದಿಲ್ಲ. ಎಲ್ಲಿ ತಪ್ಪಿತು ಎಂದು ದಿನವಿಡೀ ಹುಡುಕಿದರೂ ಯಾವ ಒಂದು ಕೋಣೆಯಲ್ಲೂ ತಪ್ಪು ಸಿಗುವುದಿಲ್ಲ, ಏಕೆಂದರೆ ಅದು ಎಲ್ಲ ಕೋಣೆಗಳಲ್ಲೂ ಚೂರು ಚೂರು ಹಂಚಿಕೊಂಡಿರುತ್ತದೆ.

ಅಡಿಯಲ್ಲೇ ಬರೆಯಬೇಕೆಂದಿದ್ದರೆ ಕಾಲು ಇಂಚಿಗೆ 1 ಅಡಿ ಎಂಬ ಹಳೆಯ ಪ್ರಮಾಣ ಹಿಡಿಯಿರಿ. 40 ಅಡಿ ಸರಿಯಾಗಿ 10 ಇಂಚು. ಅದು 1:48, 1:50 ಅಲ್ಲ. ಹಾಳೆಯ ಮೇಲೆ "1/4 ಇಂಚು = 1 ಅಡಿ" ಎಂದೇ ಬರೆಯಿರಿ. ಹೀಗೆ ಬರೆದ 10 ಅಡಿ ಕೋಣೆ 63.5 ಮಿ.ಮೀ. ಇರುತ್ತದೆ. ಅದರ ಮೇಲೆ ಯಾರಾದರೂ 1:50 ಸ್ಕೇಲ್ ಇಟ್ಟರೆ 3.175 ಮೀಟರ್ ಎಂದು ಓದುತ್ತಾರೆ, ಅಂದರೆ 10 ಅಡಿ 5 ಇಂಚು. ಎಲ್ಲ ಕೋಣೆಗಳೂ ನೂರಕ್ಕೆ ನಾಲ್ಕರಷ್ಟು ದೊಡ್ಡದಾಗಿ ಕಂಡರೆ ಮೊದಲು ಈ ಅನುಮಾನ ಪಡಿ.

ಆಟೋಕ್ಯಾಡ್‌ನಲ್ಲಿ 1:50 ಕೊಟ್ಟೆ, ಚಿತ್ರ ಚುಕ್ಕಿಯಷ್ಟಾಯಿತು. ಯಾಕೆ?

ಚಿತ್ರ ಬರೆದ ಏಕಮಾನ ಬೇರೆ, ಹಾಳೆಯ ಏಕಮಾನ ಬೇರೆ ಆಗಿರುವುದರಿಂದ. ಹಾಳೆ ಮಿ.ಮೀ.ನಲ್ಲಿದೆ ಎಂದಿಟ್ಟುಕೊಳ್ಳಿ. ಚಿತ್ರವನ್ನೂ ಮಿ.ಮೀ.ನಲ್ಲಿ ಬರೆದಿದ್ದರೆ, ಹಾಳೆಯ ಲೇಔಟಿನಲ್ಲಿ ಚಿತ್ರವನ್ನು ತೋರಿಸುವ ಕಿಟಕಿಯಾದ ವ್ಯೂಪೋರ್ಟಿನ ಒಳಗೆ ಹೋಗಿ ಹೀಗೆ ಕೊಡಿ:

```
ZOOM
1/50XP
```

ಮೀಟರಿನಲ್ಲಿ ಬರೆದಿದ್ದರೆ ಸೈಟಿನ ಉದ್ದ ಕಂಪ್ಯೂಟರಿಗೆ ಬರೀ 12.192. ಅದನ್ನು 50ರಿಂದ ಭಾಗಿಸಿದರೆ ಕಾಲು ಮಿ.ಮೀ. ಆಗಿಬಿಡುತ್ತದೆ. ಮೀಟರನ್ನು ಮೊದಲು ಮಿ.ಮೀ.ಗೆ ತರಬೇಕು, 1000 ಭಾಗಿಸು 50, ಆದ್ದರಿಂದ `20XP`. ಅಡಿ ಇಂಚಿನ `Architectural` ಬಗೆಯಲ್ಲಿ ಬರೆದ ಚಿತ್ರದ ಏಕಮಾನ ಇಂಚು. ಅಲ್ಲಿ 25.4 ಭಾಗಿಸು 50, `0.508XP`.

ಕೊಟ್ಟಾದ ಮೇಲೆ ವ್ಯೂಪೋರ್ಟಿನ ಗುಣಗಳಲ್ಲಿ `Display locked` ಅನ್ನು `Yes` ಮಾಡಿ. ಬೀಗ ಹಾಕದ ವ್ಯೂಪೋರ್ಟಿನಲ್ಲಿ ಮೌಸಿನ ಚಕ್ರ ಒಮ್ಮೆ ತಿರುಗಿದರೆ 1:50 ಹೋಗಿ ಯಾವುದೋ ಪ್ರಮಾಣ ಬರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ.

ಸ್ಕೇಲ್ ಪಟ್ಟಿಯನ್ನು ಎಲ್ಲಿ ಬರೆಯಬೇಕು?

ಚಿತ್ರ ಇರುವ ಮಾಡೆಲ್‌ನಲ್ಲೇ, ನಿಜವಾದ 5 ಮೀಟರ್ ಉದ್ದಕ್ಕೆ ಬರೆಯಿರಿ. 1:50ರಲ್ಲಿ ಅದು ಹಾಳೆಯಲ್ಲಿ 100 ಮಿ.ಮೀ. ಆಗಿ ಬರಬೇಕು. ಕೆಲವರು ಹಾಳೆಯ ಲೇಔಟಿನಲ್ಲಿ 100 ಮಿ.ಮೀ. ಪಟ್ಟಿ ಎಳೆದು ಪಕ್ಕದಲ್ಲಿ 5 ಮೀ. ಎಂದು ಬರೆದುಬಿಡುತ್ತಾರೆ. ಆ ಪಟ್ಟಿಗೂ ಚಿತ್ರಕ್ಕೂ ಸಂಬಂಧವೇ ಇಲ್ಲ. ವ್ಯೂಪೋರ್ಟು 1:53ಕ್ಕೆ ಜಾರಿದರೂ ಪಟ್ಟಿ ನೂರೇ ತೋರಿಸುತ್ತದೆ, ನೋಡಿದವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ.

ಮಾಡೆಲ್‌ನಲ್ಲಿ ಬರೆದ ಪಟ್ಟಿಯ ಪಕ್ಕಕ್ಕೆ ಲೇಔಟಿನಲ್ಲಿ 100 ಮಿ.ಮೀ. ಗೆರೆಯೊಂದನ್ನು ತಾತ್ಕಾಲಿಕವಾಗಿ ಎಳೆದು ನೋಡಿ. ಎರಡರ ತುದಿಗಳೂ ಕೂಡಿದರೆ ವ್ಯೂಪೋರ್ಟು ಸರಿಯಿದೆ. ಆಮೇಲೆ ಆ ಗೆರೆಯನ್ನು ಅಳಿಸಿ.

ಪಿಡಿಎಫ್ ಸರಿಯಾಗಿದೆ, ಪ್ರಿಂಟ್ ಮಾತ್ರ ಚಿಕ್ಕದಾಗಿ ಬರುತ್ತದೆ. ಏನು ತಪ್ಪು?

ಪ್ರಿಂಟರುಗಳು ಹಾಳೆಯ ಅಂಚಿನ ಕೆಲವು ಮಿ.ಮೀ. ಜಾಗದಲ್ಲಿ ಮಸಿ ಹಾಕಲಾರವು. ಪುಟ ಪೂರ್ತಿ ಕಾಣಲಿ ಎಂದು ಪಿಡಿಎಫ್ ತೆರೆಯುವ ತಂತ್ರಾಂಶ ಇಡೀ ಪುಟವನ್ನು ಸ್ವಲ್ಪ ಕುಗ್ಗಿಸುತ್ತದೆ. ಪ್ರಿಂಟ್ ಕಿಟಕಿಯಲ್ಲಿ `Fit` ಅಥವಾ `Shrink oversized pages` ಆಯ್ಕೆ ಇದ್ದರೆ ಇದೇ ಆಗುತ್ತದೆ. `Actual size` ಆರಿಸಿ, ಹಾಳೆಯ ಗಾತ್ರ ಎ3 ಎಂದೇ ಇದೆಯೇ ನೋಡಿ. ನಿಮ್ಮ ಚೌಕಟ್ಟು ಅಂಚಿನಿಂದ 10 ಮಿ.ಮೀ. ಒಳಗಿದ್ದರೆ ಏನೂ ಕತ್ತರಿಸಿ ಹೋಗುವುದಿಲ್ಲ.

ಪ್ರಿಂಟ್ ಅಂಗಡಿಗೆ ಕಳಿಸುವಾಗ "ಎ3, ಆಕ್ಚುಯಲ್ ಸೈಜ್" ಎಂದು ಬಾಯಲ್ಲಿ ಹೇಳಿ, ಸಂದೇಶದಲ್ಲೂ ಬರೆಯಿರಿ. ಹಣ ಕೊಡುವ ಮೊದಲು ಅಲ್ಲೇ ಅಳೆಯಿರಿ.

ಕೈಗೆ ಬಂದ ಹಾಳೆಯನ್ನು ಪರೀಕ್ಷಿಸುವುದು ಹೇಗೆ?

ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಬಟ್ಟೆ ಟೇಪು, ತುದಿ ಸವೆದ ಪ್ಲಾಸ್ಟಿಕ್ ಸ್ಕೇಲ್ ಬೇಡ.

ಮೊದಲು 5 ಮೀಟರ್ ಪಟ್ಟಿ. 100 ಮಿ.ಮೀ. ಬಂದರೆ ಆ ದಿಕ್ಕು ಸರಿ. 97 ಬಂತು ಎನ್ನಿ. 5000 ಭಾಗಿಸು 97, ನಿಮ್ಮ ಕೈಯಲ್ಲಿರುವುದು 1:51.5ರ ನಕ್ಷೆ. ಅದರ ಮೇಲೆ 1:50 ಸ್ಕೇಲ್ ಇಟ್ಟರೆ 3 ಮೀಟರಿನ ಕೋಣೆ 2.91 ಮೀಟರ್ ಎಂದು ತೋರುತ್ತದೆ. 9 ಸೆಂ.ಮೀ. ಹೋಯಿತು.

ಆಮೇಲೆ ಉದ್ದದ ಅಳತೆ: ಸೈಟಿನ 40 ಅಡಿ ಬದಿ 243.8 ಮಿ.ಮೀ. ಬರಬೇಕು. ಚಿಕ್ಕ ಪಟ್ಟಿಯಲ್ಲಿ ಕಣ್ಣಿಗೆ ಸಿಗದ ತಪ್ಪು ಉದ್ದದಲ್ಲಿ ಸಿಗುತ್ತದೆ. ನಂತರ ಅದಕ್ಕೆ ಅಡ್ಡವಾದ 30 ಅಡಿ ಬದಿ, 182.9. ಎರಡೂ ದಿಕ್ಕು ನೋಡಲೇಬೇಕು. ರೋಲ್ ಕಾಗದದ ಪ್ಲಾಟರು ಕಾಗದವನ್ನು ಎಳೆಯುವ ದಿಕ್ಕಿನಲ್ಲಿ ಹೆಚ್ಚು ಕಡಿಮೆ ಮಾಡಿ ಅಡ್ಡ ದಿಕ್ಕಿನಲ್ಲಿ ಸರಿಯಾಗಿ ಬರೆಯುವುದುಂಟು.

ಕೊನೆಗೆ ಬರೆದ ಅಳತೆಯೊಂದನ್ನು ಆರಿಸಿ, ಉದಾಹರಣೆಗೆ ಹಾಲಿನ ಅಗಲ, ಗೆರೆಯ ಮೇಲೆ ಅಳೆದು 50ರಿಂದ ಗುಣಿಸಿ. ಪಟ್ಟಿ ಸರಿಯಿದ್ದು ಇದು ಮಾತ್ರ ಕೂಡದಿದ್ದರೆ ತಪ್ಪು ಪ್ರಿಂಟಿನದಲ್ಲ. ಗೋಡೆ ಸರಿಸಿದ ಮೇಲೆ ಯಾರೋ ಅಳತೆಯ ಸಂಖ್ಯೆಯನ್ನು ಬದಲಿಸಿಲ್ಲ, ಇಲ್ಲವೇ ಗೋಡೆ ಸರಿಸದೆ ಸಂಖ್ಯೆಯನ್ನು ಮಾತ್ರ ತಿದ್ದಿದ್ದಾರೆ.

ಅರ್ಧ ಮಿ.ಮೀ. ವ್ಯತ್ಯಾಸಕ್ಕೆ ಗಾಬರಿ ಬೇಡ. ಕಾಗದ ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ, ಕಣ್ಣೂ ಅಷ್ಟು ತಪ್ಪುತ್ತದೆ.

ಎ3 ಪ್ಲಾನನ್ನು ಎ4ಗೆ ಜೆರಾಕ್ಸ್ ಮಾಡಿಸಿದರೆ ಪ್ರಮಾಣ ಏನಾಗುತ್ತದೆ?

ಎ3ಯಿಂದ ಎ4ಗೆ ಇಳಿಸುವಾಗ ಯಂತ್ರ 71% ತೋರಿಸುತ್ತದೆ. 1:50 ಹೋಗಿ ಸುಮಾರು 1:71 ಆಗುತ್ತದೆ, ಆದರೆ ಹಾಳೆಯ ಮೇಲೆ 1:50 ಎಂದೇ ಅಚ್ಚಾಗಿರುತ್ತದೆ. ಈ ಸುಳ್ಳನ್ನು ತಡೆಯಲು ಶೀರ್ಷಿಕೆ ಪಟ್ಟಿಯಲ್ಲಿ `1:50 @ A3` ಎಂದು ಹಾಳೆಯ ಗಾತ್ರವನ್ನೂ ಸೇರಿಸಿ ಬರೆಯುತ್ತಾರೆ. ಎ4 ಕೈಯಲ್ಲಿರುವವರಿಗೆ ಆಗ ಕೂಡಲೇ ಗೊತ್ತಾಗುತ್ತದೆ. ಸ್ಕೇಲ್ ಪಟ್ಟಿ ಚಿತ್ರದ ಜೊತೆಗೇ ಕುಗ್ಗುವುದರಿಂದ ಅದು ಮಾತ್ರ ಜೆರಾಕ್ಸಿನಲ್ಲೂ, ಫೋನಿನ ಪರದೆಯಲ್ಲೂ ನಿಜವನ್ನೇ ಹೇಳುತ್ತದೆ.

ಎರಡು ಗಾತ್ರ ಇಳಿಸಿದರೆ ಲೆಕ್ಕ ಸರಿಯಾಗಿ ಅರ್ಧ. ಎ1ರಲ್ಲಿ 1:50 ಇದ್ದದ್ದು ಎ3ರಲ್ಲಿ 1:100 ಆಗುತ್ತದೆ, ಮಾಮೂಲಿ ಸ್ಕೇಲಿನಲ್ಲಿ ಓದಬಹುದು. ಚಿಕ್ಕ ಪ್ರತಿ ಬೇಕೇ ಬೇಕು ಎಂದಾದರೆ ಹೀಗೆ ಇಳಿಸಿ, ಆದರೆ 2.5 ಮಿ.ಮೀ. ಅಕ್ಷರ 1.25ಕ್ಕೆ ಇಳಿಯುತ್ತದೆ ಎಂಬುದು ನೆನಪಿರಲಿ. ಹಾಗೆ ಇಳಿಸುವುದು ಮೊದಲೇ ಗೊತ್ತಿದ್ದರೆ ಅಕ್ಷರಗಳನ್ನು 5 ಮಿ.ಮೀ. ಇಡಿ.

ವಿಸ್ತೀರ್ಣವನ್ನೂ 50ರಿಂದ ಗುಣಿಸಬೇಕೇ?

ಇಲ್ಲ, 50 × 50, ಅಂದರೆ 2500ರಿಂದ. ಹಾಳೆಯ 1 ಚದರ ಸೆಂ.ಮೀ. ನೆಲದಲ್ಲಿ ಕಾಲು ಚದರ ಮೀಟರ್.

ಪ್ರಿಂಟ್ ಸರಿಯಿದೆ. ಹಾಗಾದರೆ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆದೇ ಗೋಡೆ ಗುರುತು ಹಾಕಬಹುದೇ?

ಹಾಕಬೇಡಿ. ಕಣ್ಣು ತಪ್ಪುವ ಅರ್ಧ ಮಿ.ಮೀ. 1:50ರಲ್ಲಿ 25 ಮಿ.ಮೀ., ಅಂದರೆ ಸುಮಾರು ಒಂದು ಇಂಚು. ಕೋಣೆಗೆ ಕೋಣೆ ಸೇರಿದಂತೆ ಅದು ಬೆಳೆಯುತ್ತದೆ. ಗುರುತು ಹಾಕಲು ಬರೆದ ಅಳತೆಯೇ ಆಧಾರ, ಸ್ಕೇಲ್ ಇರುವುದು ಆ ಅಳತೆ ನಂಬಬಹುದೇ ಎಂದು ನೋಡಲು. ಬೇಕಾದ ಅಳತೆ ನಕ್ಷೆಯಲ್ಲಿ ಬರೆದೇ ಇಲ್ಲದಿದ್ದರೆ ಸುತ್ತಲಿನ ಬರೆದ ಅಳತೆಗಳನ್ನು ಕೂಡಿ ಕಳೆದು ಪಡೆಯಿರಿ. ಹಾಗೂ ಸಿಗದಿದ್ದರೆ ದಾರ ಕಟ್ಟುವ ಮೊದಲು ನಕ್ಷೆ ಬರೆದವರಿಗೆ ಫೋನ್ ಮಾಡಿ, ಅವರು ಹೇಳಿದ ಸಂಖ್ಯೆಯನ್ನು ಹಾಳೆಯ ಮೇಲೇ ದಿನಾಂಕದ ಜೊತೆ ಬರೆದಿಡಿ.